ತಂಗಳನ್ನದ ಪ್ರಶ್ನೆ

ಆತೆ ನೊರ್ಲಿಯ ರಕ್ತದಲ್ಲಿ ಸಕ್ಕರೆ ಏರಿದ್ದಕ್ಕೆ ನಾನೂ ಒಂದು ಕಾರಣವೇ ಎಂಬ ಚಿಂತೆ ಜನವರಿಯಿಂದ ನನ್ನನ್ನು ಬಿಟ್ಟಿಲ್ಲ. ಮಗುವಿಗೆ ಊಟ ಮಾಡಿಸುವಾಗ, ಜೀಪ್ನಿ ಬಸ್ಸಿಗೆ ಕಾಯುವಾಗ, ಆಫೀಸಿನಲ್ಲಿ ಹೆಡ್‌ಫೋನ್ ಕಿವಿಗೆ ಏರಿಸುವಾಗ ಅದು ಬಂದು ಪಕ್ಕದಲ್ಲಿ ಕೂರುತ್ತದೆ. ಮಳೆ ಬಂದರೂ ನಿನ್ನದೇ ತಪ್ಪು ಅನ್ನುವವಳು ನೀನು ಎಂದು ನನ್ನ ಗಂಡ ನಗುತ್ತಾನೆ. ಇದು ಮಳೆಯಂಥದ್ದಲ್ಲ. ಇದಕ್ಕೆ ಬರಹದ ಸಾಕ್ಷಿ ಇದೆ. ಅದನ್ನು ನಾನೇ ಕಣ್ಣಾರೆ ಓದಿದ್ದೇನೆ.

ನೊರ್ಲಿಗೆ ನಲವತ್ತೇಳು ವರ್ಷ. ನಮ್ಮ ಹನ್ನೆರಡು ಜನರ ತಂಡಕ್ಕೆ ಅವರೇ ಮೇಲ್ವಿಚಾರಕಿ, ಎಲ್ಲರಿಗೂ ಅಕ್ಕ; ಅಕ್ಕನಿಗೆ ನಮ್ಮಲ್ಲಿ ಆತೆ ಎನ್ನುತ್ತೇವೆ. ಪಾಸಿಗ್ ನಗರದ ಒಂದು ಕಟ್ಟಡದ ಏಳನೇ ಮಹಡಿಯಲ್ಲಿ ನಮ್ಮ ಕೆಲಸ. ಫ್ರಿಜ್ಜು, ವಾಷಿಂಗ್ ಮೆಷಿನ್ನು ಕೊಂಡವರು ಕೆಟ್ಟಿತೆಂದು ಫೋನ್ ಮಾಡುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೇಳಿಸಿಕೊಳ್ಳುವುದೇ ಉದ್ಯೋಗ. ಸಿಟ್ಟಿಗೆದ್ದವರು ಒಂದು ಹಂತದಲ್ಲಿ, ನಿನ್ನ ಮೇಲಿನವರನ್ನು ಕೊಡು ಎನ್ನುತ್ತಾರೆ. ಎರಡು ಸಲ ನಾವೇ ಸಮಾಧಾನ ಹೇಳಬೇಕು, ಮೂರನೇ ಸಲವೂ ಅದನ್ನೇ ಕೇಳಿದರೆ ಕೈ ಎತ್ತಬೇಕು ಎಂಬುದು ನಿಯಮ. ಕೈ ಎದ್ದ ಕಡೆಗೆ ಆತೆ ನೊರ್ಲಿ ಬರುತ್ತಾರೆ, ಹೆಡ್‌ಫೋನ್ ತೆಗೆದುಕೊಳ್ಳುತ್ತಾರೆ, ನಮಗೆ ಬರಬೇಕಾದ ಬೈಗುಳವನ್ನು ಅವರು ತಿನ್ನುತ್ತಾರೆ.

ಆಮೇಲೆ ನಾವು ಅವರಿಗೆ ತಿನ್ನಲು ಕೊಡುತ್ತೇವೆ. ಇದು ನಮ್ಮ ತಂಡದ ಪದ್ಧತಿ. ಕಾಲ್ ದಾಟಿಸಿದವರು ಅರ್ಧ ಗಂಟೆಯೊಳಗೆ ಅವರ ಮೇಜಿನ ಮೇಲೆ ಏನಾದರೂ ಇಡಬೇಕು. ಅದಕ್ಕೆ ಶಾಂತಿ ಕಾಣಿಕೆ ಎಂದು ಹೆಸರು. ಕರಿದ ಹಂದಿಚರ್ಮದ ಪೊಟ್ಟಣ, ಹಾಲಿನಪುಡಿಯ ಪೋಲ್ವೊರೋನ್ ಉಂಡೆ, ಒಣ ಮಾವು, ಬಾಳೆಕಾಯಿ ಚಿಪ್ಸು. ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ. ಆತೆಯೂ ಬೇಡ ಎಂದವರಲ್ಲ. ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮಲ್ಲಿ ಮುಖಕ್ಕೆ ಹೊಡೆದಂತೆ. ಕಾಲ್ ಮುಗಿಸಿ ಬಂದು ಕುಳಿತರೆ ಅವರ ಎಡಗೈ ತಾನಾಗಿ ಪೊಟ್ಟಣ ಬಿಚ್ಚುತ್ತಿತ್ತು, ಬಲಗೈ ದೂರು ಟೈಪಿಸುತ್ತಿತ್ತು. ಮಿಕ್ಕದ್ದು ಕೆಳಗಿನ ಡ್ರಾಯರಿಗೆ. ಆ ಡ್ರಾಯರನ್ನು ಜುನೆಲ್ 'ಏಳನೇ ಮಹಡಿಯ ಗೂಡಂಗಡಿ' ಎನ್ನುತ್ತಿದ್ದ. ನನ್ನ ಪಕ್ಕದ ಮೇಜಿನ ಅವನು ಯಾರ ಮೇಲಾದರೂ ಒಂದು ಮಾತು ಆಡದೆ ನೀರು ಕುಡಿಯುವವನಲ್ಲ.

ಜನವರಿಯ ವಾರ್ಷಿಕ ತಪಾಸಣೆಯಲ್ಲಿ ಆತೆಯ ಮೂರು ತಿಂಗಳ ಸಕ್ಕರೆ ಸರಾಸರಿ ಆರು ಪಾಯಿಂಟ್ ಮೂರು ಬಂತು. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ. ಏಪ್ರಿಲ್‌ನಲ್ಲಿ ಮತ್ತೆ ನೋಡೋಣ, ಅಷ್ಟರಲ್ಲಿ ತಿನ್ನುವುದನ್ನು ಸರಿಮಾಡಿಕೊಳ್ಳಿ ಎಂದು ಡಾಕ್ಟರು ಬರೆದರು. ಬೇರೆಯವರಾದರೆ ಚೀಟಿ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಆತೆ ಆ ಚೀಟಿಯನ್ನು ಕಂಪ್ಯೂಟರಿನ ಅಂಚಿಗೆ ಅಂಟಿಸಿದರು. ಅವರ ತಾಯಿಗೆ ಲುಸೇನಾ ಊರಿನಲ್ಲಿ ಮೊದಲು ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಪಾದ, ಕೊನೆಗೆ ಮೂತ್ರಪಿಂಡ. ಮೂರು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ದವರು ಇವರೇ. ಇವೆಲ್ಲವನ್ನೂ ಅವರು ಊಟದ ಕೋಣೆಯಲ್ಲಿ, ಬಸ್ಸಿನ ಸಮಯ ಹೇಳುವವರ ಹಾಗೆ ಹೇಳಿದರು. "ನನ್ನ ಪಾದ ನನಗೆ ಬೇಕು" ಎಂದಷ್ಟೇ ಕೊನೆಗೆ ಸೇರಿಸಿದರು.

ಮೊದಲ ಪ್ರಯತ್ನದಲ್ಲಿ ಅವರು ಸೋತರು. ಎಲ್ಲರೂ ಮಾಡುವ ತಪ್ಪನ್ನೇ ಅವರೂ ಮಾಡಿದ್ದರು: ತಿನ್ನುವುದನ್ನೇ ಬಿಟ್ಟರು. ಡ್ರಾಯರಿಗೆ ಬೀಗ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದು ಸೇಬು. ಕಾಣಿಕೆಗಳನ್ನು ತೆಗೆದುಕೊಂಡು ಲಿಫ್ಟಿನ ಹತ್ತಿರದ ಕಾವಲುಗಾರನಿಗೆ ಕೊಟ್ಟುಬಿಡುತ್ತಿದ್ದರು. ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಜುನೆಲ್‌ನ ಹುಟ್ಟುಹಬ್ಬ. ಹುಟ್ಟುಹಬ್ಬಕ್ಕೆ ಪನ್ಸಿತ್ ನೂಡಲ್ಸ್ ತಿನ್ನಲೇಬೇಕು, ಅದು ಆಯುಷ್ಯ. ಎರಡು ಕೆಟ್ಟ ಕಾಲ್‌ಗಳ ನಂತರ ಮೂರು ಗಂಟೆಗೆ ಆತೆ ತಟ್ಟೆ ಹಿಡಿದು ಬಂದರು. ಮೂರು ತಟ್ಟೆ ಖಾಲಿಮಾಡಿದರು, ನೂಡಲ್ಸ್ ಹರಡಿದ್ದ ಬಿದಿರು ಮೊರದ ಅಂಚಿಗೆ ಅಂಟಿದ್ದನ್ನೂ ಚಮಚದಿಂದ ಕೆರೆದರು. ಜುನೆಲ್, ನನ್ನ ಆಯುಷ್ಯವನ್ನೂ ನೀವೇ ತಿಂದುಬಿಟ್ಟಿರಿ ಆತೆ ಎಂದ. ಅವರು ನಕ್ಕರು. ಆಮೇಲೆ ಶೌಚಾಲಯಕ್ಕೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮಾರನೆಯ ದಿನ ಅವರು ಮೂರನೇ ಮಹಡಿಯ ಕಂಪನಿ ಕ್ಲಿನಿಕ್ಕಿಗೆ ಹೋದರು. ಅಲ್ಲಿ ನರ್ಸ್ ಗ್ಲೆಂಡಾ ಇದ್ದಾರೆ. ಜ್ವರದ ಮಾತ್ರೆ ಕೊಡುವಾಗಲೂ ಪಾಠ ಮಾಡುವವರು ಅವರು ಎಂದು ನಾವು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಮಗುವಿಗೆ ಲಸಿಕೆಯ ಚೀಟಿ ಕೇಳಲು ನಾನು ಅದೇ ಹೊತ್ತಿಗೆ ಹೋಗಿದ್ದೆ; ಪರದೆಯ ಈಚೆ ಕುಳಿತಿದ್ದ ನನಗೆ ಎಲ್ಲವೂ ಕೇಳಿಸಿತು. ಪನ್ಸಿತ್ ತಿಂದದ್ದಕ್ಕೆ ಗ್ಲೆಂಡಾ ಬೈಯಲಿಲ್ಲ, ಊಟ ಬಿಟ್ಟದ್ದಕ್ಕೆ ಬೈದರು.

"ಹಸಿವೇನು ಕಳ್ಳನಾ, ಬಾಗಿಲು ಹಾಕ್ಕೊಂಡು ಕೂರೋಕೆ? ಮೂರು ಗಂಟೆಗೆ ನಿಮಗೆ ಬಂದಿದ್ದು ನಿಜವಾದ ಹಸಿವು. ಅದ್ರ ಮೇಲೆ ಸಿಟ್ಟೂ ಸೇರ್ಕೊಂಡಿತ್ತು. ಎರಡೂ ಒಟ್ಟಿಗೆ ಬಂದ್ರೆ ಯಾರು ತಡೀತಾರೆ?"

ಆತೆ ಕೇಳಿದರು, ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ, ನನಗಂತೂ ಎಲ್ಲವೂ ಹಸಿವಿನ ಹಾಗೇ ಇದೆ ಎಂದು.

ಗ್ಲೆಂಡಾ ಹೇಳಿದ್ದು ದೊಡ್ಡ ಶಾಸ್ತ್ರವೇನಲ್ಲ. ಹೊಟ್ಟೆಯ ಹಸಿವು ಮೆಲ್ಲಗೆ ಬರುತ್ತದೆ, ಊಟವಾಗಿ ಮೂರು ನಾಲ್ಕು ತಾಸಿನ ಮೇಲೆ, ಸ್ವಲ್ಪ ಹೊತ್ತು ಕಾಯಲೂ ಒಪ್ಪುತ್ತದೆ, ಏನು ಕೊಟ್ಟರೂ ತಿನ್ನುತ್ತದೆ, ತುಂಬಿದಾಗ ಸಾಕೆನ್ನುತ್ತದೆ. ಇನ್ನೊಂದು ಸ್ವಿಚ್ ಹಾಕಿದ ಹಾಗೆ ಬರುತ್ತದೆ. ಅದಕ್ಕೆ ಈಗಲೇ ಬೇಕು, ಅದೇ ತಿಂಡಿ ಬೇಕು. ಹೊಟ್ಟೆ ತುಂಬಿದರೂ ಕೈ ನಿಲ್ಲುವುದಿಲ್ಲ. ಬಾಯಿಗೆ ಇಡುವ ಮೊದಲು, ಕೊನೆಯ ಸಲ ತಿಂದದ್ದು ಯಾವಾಗ ಎಂದು ನೋಡಿಕೊಳ್ಳಿ. ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಬಿಡಿ. ಆಮೇಲೂ ಬೇಕೆನಿಸಿದರೆ ತಟ್ಟೆಗೆ ಹಾಕಿಕೊಂಡು, ಮೇಜು ಬಿಟ್ಟು ಎದ್ದು ಹೋಗಿ, ಕುಳಿತು ತಿನ್ನಿ. ಅದು ತಪ್ಪಲ್ಲ. ಏನು ತಿಂದಿರಿ ಅನ್ನುವುದಕ್ಕಿಂತ ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂಬುದನ್ನು ಬರೆದಿಡಿ. ಮಧ್ಯಾಹ್ನದ ಊಟ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

"ಇಷ್ಟೆಲ್ಲ ನೆನಪಿರಲ್ಲ ಗ್ಲೆಂಡಾ" ಎಂದರು ಆತೆ. "ನಾನು ಒಂದೇ ಪ್ರಶ್ನೆ ಇಟ್ಕೋತೀನಿ. ಈಗ ನನ್ನ ಮುಂದೆ ತಂಗಳನ್ನ, ಒಣಮೀನು ಇಟ್ರೆ ತಿಂತೀನಾ? ತಿಂತೀನಿ ಅಂದ್ರೆ ಹಸಿವು. ಇಲ್ಲ, ಪೋಲ್ವೊರೋನೇ ಬೇಕು ಅಂದ್ರೆ ಅದು ಹಸಿವಲ್ಲ."

ಗ್ಲೆಂಡಾ ಸ್ವಲ್ಪ ಯೋಚಿಸಿ, ಒಣಮೀನಿನಲ್ಲಿ ಉಪ್ಪು ಜಾಸ್ತಿ, ಪ್ರಶ್ನೆಗಷ್ಟೇ ಇರಲಿ ಎಂದರು.

ಅಂದಿನಿಂದ ಆತೆಯ ಮೇಜಿನ ಮೇಲೆ ಹಸಿರು ರಟ್ಟಿನ ಒಂದು ಸಣ್ಣ ನೋಟ್‌ಬುಕ್ ಬಂತು. ಮನೆಯಿಂದ ಡಬ್ಬಿಯೂ ಬಂತು: ಅನ್ನ, ಹುಳಿ ಸಾರಿನ ಮೀನು, ಸೊಪ್ಪು. ಹನ್ನೆರಡಕ್ಕೆ ಎದ್ದು ಊಟದ ಕೋಣೆಗೆ ಹೋಗಿ ಅರ್ಧ ಗಂಟೆ ಕೂರುತ್ತಿದ್ದರು. ಕಾಲ್ ಮುಗಿದ ಮೇಲೆ ಕೈ ಪೊಟ್ಟಣದ ಕಡೆಗೆ ಹೋದಾಗ ತಡೆದು, ತುಟಿ ಅಲ್ಲಾಡಿಸುತ್ತಿದ್ದರು. ಜುನೆಲ್ ಅದನ್ನು ಜಪ ಎಂದು ಕರೆದ. ಎಲ್ಲ ಸಲವೂ ಅವರು ಗೆಲ್ಲುತ್ತಿದ್ದರು ಎಂದು ಹೇಳಲಾರೆ. ನೀರು ಕುಡಿದು, ಹತ್ತು ನಿಮಿಷ ಕಾದು, ಆಮೇಲೂ ಇಡೀ ಪೊಟ್ಟಣ ತಿಂದ ದಿನಗಳಿದ್ದವು. ಅದನ್ನೂ ಬರೆದುಕೊಳ್ಳುತ್ತಿದ್ದರು.

ಫೆಬ್ರವರಿ ಕೊನೆಗೆ ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ತಮ್ಮ ಹಳೆಯ ಕೆಲಸದ ಮಾತು ತೆಗೆದರು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ದೊಡ್ಡ ಅಂಗಡಿಯ ಚಪ್ಪಲಿ ವಿಭಾಗದಲ್ಲಿ ನಿಂತವರು ಅವರು. ಅಲ್ಲೂ ಜನ ಬೈಯುತ್ತಿದ್ದರು, ಇಲ್ಲಿಗಿಂತ ಹೆಚ್ಚು, ಮುಖದ ಎದುರಿಗೇ. ಆದರೆ ಕೌಂಟರಿನಲ್ಲಿ ತಿನ್ನುವ ಹಾಗಿರಲಿಲ್ಲ, ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಬೈಸಿಕೊಂಡ ಮೇಲೆ ಹಿಂದಿನ ಗೋದಾಮಿಗೆ ಹೋಗಿ ಚಪ್ಪಲಿ ಪೆಟ್ಟಿಗೆಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದರಂತೆ. ಐದು, ಆರು, ಏಳು. ಎಂಟಕ್ಕೆ ಬರುವಷ್ಟರಲ್ಲಿ ಉಸಿರು ತಣ್ಣಗಾಗಿರುತ್ತಿತ್ತು.

"ಆಗ ನನಗೆ ಹಸಿವೇ ಆಗ್ತಿರಲಿಲ್ಲ ಜೆಸ್. ಬೈಗುಳಕ್ಕೂ ಹೊಟ್ಟೆಗೂ ಸಂಬಂಧ ಇರಲಿಲ್ಲ. ಇಲ್ಲಿಗೆ ಬಂದ್ಮೇಲೆ ಗಂಟು ಹಾಕ್ಕೊಂಡಿದ್ದು. ಹಾಕಿದ ಗಂಟು ತಾನೇ, ಬಿಚ್ಚೋಕಾಗಲ್ವಾ?"

ಅಂದಿನಿಂದ ಕೆಟ್ಟ ಕಾಲ್ ಆದಮೇಲೆ ಅವರು ಮೆಟ್ಟಿಲಲ್ಲಿ ಐದನೇ ಮಹಡಿಗೆ ಇಳಿದು ಹತ್ತಿ ಬರತೊಡಗಿದರು. ಕೆಲವೊಮ್ಮೆ ಫೈಲುಗಳ ಕಪಾಟನ್ನು ಜೋಡಿಸುತ್ತಿದ್ದರು. ನಮ್ಮ ಕಪಾಟು ಅಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ.

ಆದರೆ ಕಾಣಿಕೆಗಳು ನಿಲ್ಲಲಿಲ್ಲ. ಮಾರ್ಚ್ ಮೊದಲ ವಾರ ಅವರು ಬೆಳಗಿನ ಸಭೆಯಲ್ಲಿ, ಇನ್ನು ಮೇಲೆ ನನ್ನ ಮೇಜಿನ ಮೇಲೆ ಯಾರೂ ಏನೂ ಇಡಬೇಡಿ ಎಂದರು. ಹಿರಿಯರು ಕೈ ಒಡ್ಡದಿದ್ದರೆ ಕಿರಿಯರ ಋಣ ತೀರುವುದು ಹೇಗೆ? ಮಧ್ಯಾಹ್ನದೊಳಗೆ ತಂಡ ದಾರಿ ಕಂಡುಕೊಂಡಿತು: ಸಿಹಿ ಬೇಡ, ಹಣ್ಣಾದರೆ ಪರವಾಗಿಲ್ಲ. ಸಂಜೆಗೆ ಮೇಜಿನ ಮೇಲೆ ಎರಡು ಚಿಪ್ಪು ಬಾಳೆಹಣ್ಣು, ಆರು ಪೇರ್ ಹಣ್ಣು, ಒಂದು ಅನಾನಸ್. ಆತೆ ಅನಾನಸನ್ನು ಎತ್ತಿಕೊಂಡು ಜುನೆಲ್ ಮುಂದೆ ನಿಂತರು.

"ಇದು ಯಾರದು?"

"ನನ್ನದೇ ಆತೆ. ಎರಡು ಕಾಲ್ ದಾಟಿಸಿದ್ನಲ್ಲ, ಅದಕ್ಕೆ ದೊಡ್ಡದು."

"ಮತ್ತೆ ಮೂರು ದಾಟಿಸಿದ್ರೆ ಹಲಸಿನಹಣ್ಣು ತರ್ತೀಯಾ?"

ಎಲ್ಲರೂ ನಕ್ಕರು, ಆದರೆ ಹಣ್ಣು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಆತೆಯೂ ವಾಪಸ್ ಕೊಡಲಿಲ್ಲ, ಎಲ್ಲವನ್ನೂ ಊಟದ ಕೋಣೆಗೆ ಸಾಗಿಸಿ ಬಂದವರಿಗೆಲ್ಲ ಹಂಚಿದರು. ಕೆಲವರು ಮುನಿಸಿಕೊಂಡರು. ಒಂದು ವಾರ ಅವರ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಆ ವಾರದ ಮುನಿಸು ಅವರಿಗೆ ಬೈಗುಳಕ್ಕಿಂತ ಭಾರವಾಯಿತೆಂದು ನನಗೆ ತಿಳಿದದ್ದು ನೋಟ್‌ಬುಕ್ಕಿನಿಂದ.

ನಾನು ಅದನ್ನು ಕದ್ದು ಓದಲಿಲ್ಲ. ಸಹಿಗಾಗಿ ಹಾಳೆ ಇಡಲು ಹೋದಾಗ ಅದು ತೆರೆದುಕೊಂಡೇ ಇತ್ತು. ಎಡಗಡೆ ಗಂಟೆ, ನಡುವೆ ತಿಂದದ್ದು, ಬಲಗಡೆ 'ಮುಂಚೆ ಏನಾಯಿತು' ಎಂಬ ಕಾಲಂ. 'ಮಂಗಳವಾರ 10.40, ಪೋಲ್ವೊರೋನ್ ನಾಲ್ಕು, ತಂಗಳನ್ನ ಬೇಡ ಅನಿಸಿತು. ಜೆಸಿಲ್‌ಳ ಕಾಲ್.' 'ಬುಧವಾರ 2.15, ಚಿಪ್ಸ್. ಜೆಸಿಲ್‌ಳ ಕಾಲ್.' 'ಬುಧವಾರ 4.00, ಬಿಸ್ಕತ್ತು. ಯಾರೂ ಮಾತಾಡುತ್ತಿಲ್ಲ.' 'ಗುರುವಾರ 11.00. ನಿಜವಾದ ಹಸಿವು, ಬೆಳಿಗ್ಗೆ ತಿಂದಿರಲಿಲ್ಲ.' 'ಶುಕ್ರವಾರ 9.50. ಜೆಸಿಲ್‌ಳ ಕಾಲ್.' ಎರಡು ಪುಟಗಳಲ್ಲಿ ನನ್ನ ಹೆಸರು ಒಂಬತ್ತು ಸಲ ಇತ್ತು. ಜುನೆಲ್‌ನದು ಮೂರು. ಬರೆದ ರೀತಿಯಲ್ಲಿ ದೂರು ಇರಲಿಲ್ಲ. ಹವಾಮಾನ ಬರೆದಿಟ್ಟ ಹಾಗಿತ್ತು.

ಹೆರಿಗೆ ರಜೆ ಮುಗಿಸಿ ಬಂದಮೇಲೆ ನಾನು ನಿಯಮದಂತೆ ಎರಡು ಸಲ ಸಮಾಧಾನ ಹೇಳುವುದನ್ನು ಬಿಟ್ಟಿದ್ದೆ. ಆ ಕಡೆ ದನಿ ಏರಿದರೆ ಸಾಕು, ನನ್ನ ಕೈ ಏರುತ್ತಿತ್ತು. ಮನೆಯಲ್ಲಿ ಮಗು ಅತ್ತ ತಕ್ಷಣ ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುವವಳು, ಇಲ್ಲಿ ಅಳುವವರನ್ನೆಲ್ಲ ಆತೆಗೆ ಕೊಟ್ಟು ನಾನು ಸುಮ್ಮನಾಗುತ್ತಿದ್ದೆ.

ಮರುದಿನ ನಾನು ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಬರಿಗೈಯಲ್ಲಿ ಹೋಗಲಾರದೆ ನಮ್ಮ ಬೀದಿಯ ಬೇಕರಿಯ, ಮೊಟ್ಟೆ-ಹಾಲಿನ ಸಿಹಿ ಸವರಿದ ಯೆಮಾ ಕೇಕ್ ಒಂದನ್ನು ಕೊಂಡೊಯ್ದಿದ್ದೆ. ಆತೆ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

"ತಿಂಡಿ ಕೊಟ್ಟಿದ್ದಕ್ಕೆ ಕ್ಷಮೆ ಕೇಳೋಕೆ ತಿಂಡಿ ತಂದ್ಯಲ್ಲೇ."

ನನಗೆ ಅಳು ಬಂತು. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಸಕ್ಕರೆ ನಿನ್ನಿಂದ ಬಂದದ್ದಲ್ಲ, ಬಾಯಿ ನನ್ನದು, ಕೈ ನನ್ನದು, ತಾಯಿಯೂ ನನ್ನವಳೇ ಎಂದರು. ಕೇಕನ್ನು ಹನ್ನೆರಡು ಹೋಳು ಮಾಡಿಸಿ, ಊಟವಾದ ಮೇಲೆ ತಮ್ಮ ಹೋಳನ್ನು ತಟ್ಟೆಯಲ್ಲಿ ಹಾಕಿಕೊಂಡು ನಿಧಾನವಾಗಿ ತಿಂದರು. ಏಳುವಾಗ ಹೇಳಿದರು: "ನಿನಗೆ ನಿಜವಾಗ್ಲೂ ಏನಾದ್ರೂ ಕೊಡಬೇಕು ಅನ್ಸಿದ್ರೆ, ಒಂದು ಕಾಲ್ ನೀನೇ ಮುಗಿಸು."

ಆಗಲಿ ಎಂದೆ. ಮುಗಿಸಲಿಲ್ಲ. ಎರಡು ವಾರದಲ್ಲಿ ಮತ್ತೆ ಐದು ಸಲ ಕೈ ಎತ್ತಿದೆ. ಪ್ರತಿ ಸಲವೂ ಈ ಗಿರಾಕಿ ಮಾತ್ರ ಬೇರೆ ಥರದವರು, ಮುಂದಿನದು ನಾನೇ ಎಂದುಕೊಂಡೆ.

ಏಪ್ರಿಲ್ ಬಂತು. ಬಿಸಿಲು ಏರಿದ ಹಾಗೆ ಫ್ರಿಜ್ಜುಗಳು ಸಾಯುತ್ತವೆ. ಈ ವರ್ಷ ಕಂಪ್ರೆಸರಿನ ಒಂದು ಬಿಡಿಭಾಗ ಊರಿನಲ್ಲೆಲ್ಲೂ ಸಿಗುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಬರುತ್ತೇವೆಂದು ಹೇಳಿ ಬರುತ್ತಿರಲಿಲ್ಲ. ಆತೆಯ ರಕ್ತಪರೀಕ್ಷೆ ಶುಕ್ರವಾರಕ್ಕೆ ನಿಗದಿಯಾಗಿತ್ತು. ಸೋಮವಾರ ಅವರು ಹದಿನೇಳು ಕಾಲ್ ತೆಗೆದುಕೊಂಡರು, ಊಟಕ್ಕೆ ಎದ್ದದ್ದು ಎರಡೂವರೆಗೆ. ಮಂಗಳವಾರ ಎದ್ದೇ ಇಲ್ಲ. ನಾಲ್ಕು ಗಂಟೆಗೆ ಅವರ ಡ್ರಾಯರು ತೆರೆದುಕೊಂಡ ಸದ್ದು ಕೇಳಿ ನಾವೆಲ್ಲ ತಲೆ ಎತ್ತದೆ ಕುಳಿತೆವು. ಪೊಟ್ಟಣ ಬಿಚ್ಚಿದ ಸದ್ದು, ಇನ್ನೊಂದು ಪೊಟ್ಟಣ. ಯಾರೂ ಕೊಟ್ಟದ್ದಲ್ಲ, ಅವರೇ ಕೊಂಡು ತಂದದ್ದು. ಅಂದು ನೋಟ್‌ಬುಕ್ ತೆರೆಯಲೇ ಇಲ್ಲ.

ಬುಧವಾರ ಹನ್ನೆರಡಕ್ಕೆ ಅವರು ಎದ್ದರು. ಎದ್ದದ್ದು ಒಂದು ನಿರ್ಧಾರದ ಹಾಗಿತ್ತು. ಹೆಡ್‌ಫೋನನ್ನು ಸುತ್ತಿ ಇಟ್ಟು, ಡಬ್ಬಿ ಹಿಡಿದು, ಯಾರನ್ನೂ ನೋಡದೆ ಊಟದ ಕೋಣೆಗೆ ಹೋದರು. ಗಾಜಿನ ಗೋಡೆಯಾಚೆ ಕುಳಿತದ್ದು ನನ್ನ ಜಾಗದಿಂದ ಕಾಣುತ್ತಿತ್ತು. ಡಬ್ಬಿ ಬಿಚ್ಚಿದರು, ಅನ್ನವನ್ನು ಚಮಚದಿಂದ ಬಿಡಿಸಿದರು.

ನನ್ನ ಪರದೆಯ ಮೇಲೆ ಮಿಸೆಸ್ ಕಟಿಂಬಾಂಗ್‌ರ ದೂರು ಗಡುವು ಮೀರಿ ಕೆಂಪಾಗಿತ್ತು. ಅವರು ಮನೆಯಲ್ಲೇ ಐಸ್ ಕ್ಯಾಂಡಿ ಮಾಡಿ ಶಾಲೆಯ ಹತ್ತಿರ ಮಾರುವವರು. ಫ್ರಿಜ್ಜು ಕೆಟ್ಟು ಹದಿನಾರು ದಿನ. ಮೆಕ್ಯಾನಿಕ್ ಮೂರು ಸಲ ಕೈಕೊಟ್ಟಿದ್ದ. ಹಿಂದಿನ ದಿನ ನನ್ನ ಮೇಲೆ ಎಷ್ಟು ಕೂಗಿದ್ದರೆಂದರೆ ಹೆಡ್‌ಫೋನ್ ತೆಗೆದರೂ ಕಿವಿಯಲ್ಲಿ ಉಳಿದಿತ್ತು. ಮರುದಿನ ಹನ್ನೆರಡೂಕಾಲು ಗಂಟೆಯೊಳಗೆ ಮೇಲ್ವಿಚಾರಕಿಯೇ ಫೋನ್ ಮಾಡುತ್ತಾರೆ ಎಂದು ಮಾತು ಕೊಟ್ಟು ಇಟ್ಟಿದ್ದೆ. ಮಾತು ಕೊಟ್ಟಾಗ ಊಟದ ಹೊತ್ತು ಎಂದು ನೆನಪಾಗಿರಲಿಲ್ಲ. ಅಥವಾ ಆಗಿದ್ದರೂ ಕೊಡುತ್ತಿದ್ದೆನೇನೋ.

ಹನ್ನೆರಡು ಗಂಟೆ ಎಂಟು ನಿಮಿಷ. ಗಾಜಿಗೆ ಬೆರಳಿನಿಂದ ತಟ್ಟಿದರೆ ಆತೆ ಬರುತ್ತಾರೆ. ಡಬ್ಬಿ ಮುಚ್ಚಿ, ಬಾಯಿ ಒರೆಸಿಕೊಂಡು ಬರುತ್ತಾರೆ, ಹೆಡ್‌ಫೋನ್ ತೆಗೆದುಕೊಳ್ಳುತ್ತಾರೆ. ಆಮೇಲೆ ನಾಲ್ಕು ಗಂಟೆಗೆ ಡ್ರಾಯರು. ಒಂದು ಊಟದಿಂದ ಮೂರು ತಿಂಗಳ ಸರಾಸರಿ ಬದಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೇಜಿನ ಮೇಲೆ ಮಗುವಿನ ಡಬ್ಬಿಯಿಂದ ತಂದ ಎರಡು ಬಿಸ್ಕತ್ತು ಇದ್ದವು, ಕೈ ಅತ್ತ ಹೋಯಿತು. ಅರ್ಧ ಗಂಟೆಯ ಹಿಂದೆ ಊಟ ಮಾಡಿದ್ದೆ. ತಂಗಳನ್ನ ಕೊಟ್ಟರೆ ತಿನ್ನುತ್ತಿರಲಿಲ್ಲ.

ಜುನೆಲ್ ಕುರ್ಚಿ ಹಿಂದಕ್ಕೆ ಬಾಗಿಸಿ ಕೇಳಿದ: "ಆತೇನ ಕರೀಲಾ?"

"ಬೇಡ" ಎಂದೆ. "ಅವರು ಊಟ ಮಾಡ್ಲಿ."

ಬಿಡಿಭಾಗ ಶನಿವಾರ ಬರುತ್ತದೆ ಎಂದು ಗೋದಾಮಿನಿಂದ ಬಂದ ಸಂದೇಶವನ್ನು ಇನ್ನೊಮ್ಮೆ ಓದಿದೆ. ಅಲ್ಲಿಯವರೆಗೆ ಬದಲಿ ಫ್ರಿಜ್ಜು ಕಳಿಸಲು ನನಗೇ ಅನುಮತಿ ಇದೆ ಎಂಬುದೂ ಅದರ ಕೆಳಗೇ ಇತ್ತು. ಇಷ್ಟು ದಿನ ಆ ಸಾಲಿನವರೆಗೆ ಓದಿರಲಿಲ್ಲ. ನೀರು ಕುಡಿದೆ. ಹತ್ತು ನಿಮಿಷ ಕಾಯಲು ಸಮಯವಿರಲಿಲ್ಲ. ಅಂಕಿಗಳನ್ನು ಒಂದೊಂದಾಗಿ ಒತ್ತಿದೆ. ನಾಲ್ಕನೇ ರಿಂಗಿಗೆ ಆ ಕಡೆ ಎತ್ತಿದರು. ಹಿನ್ನೆಲೆಯಲ್ಲಿ ಯಾವುದೋ ಮಗು ಅಳುತ್ತಿತ್ತು.

"ಯಾರು, ಮೇಲಿನವರಾ?"

"ಅಲ್ಲ ಮೇಡಂ, ನಾನು ಜೆಸಿಲ್. ನಿನ್ನೆ ನೀವು ಬೈದಿದ್ದು ನನಗೇ. ಇವತ್ತು ಪೂರ್ತಿ ಹೇಳಿ, ಕೇಳಿಸ್ಕೋತೀನಿ. ಆಮೇಲೆ ಫ್ರಿಜ್ಜು ಎಷ್ಟು ಹೊತ್ತಿಗೆ ಕಳಿಸಲಿ ಅಂತ ಹೇಳಿ."